ಕಬ್ಬಿಣದ ಮಾತ್ರೆ ನುಂಗಿದರೂ ರಕ್ತ ಏರುತ್ತಿಲ್ಲವೇ?

35 ವರ್ಷದ ಗೃಹಿಣಿಯೊಬ್ಬರು ಎಂದುಕೊಳ್ಳಿ. ಮುಟ್ಟಿನಲ್ಲಿ ರಕ್ತಸ್ರಾವ ಜಾಸ್ತಿ, ಹಿಮೋಗ್ಲೋಬಿನ್ 8. ಎರಡು ತಿಂಗಳು ಕಬ್ಬಿಣದ ಮಾತ್ರೆ ನುಂಗಿದ ಮೇಲೂ ಅದು 8.3. ವಿಚಾರಿಸಿದರೆ ಕಾರಣ ಸಿಗುತ್ತದೆ: ಮಾತ್ರೆ ತಿಂಡಿಯಾದ ಮೇಲೆ, ಕಾಫಿ ಜೊತೆ. ಕ್ಯಾಲ್ಸಿಯಂ ಮಾತ್ರೆಯೂ ಅದೇ ಹೊತ್ತಿಗೆ. ಕಬ್ಬಿಣ ಹೊಟ್ಟೆಗೆ ಹೋಗಿದೆ, ರಕ್ತಕ್ಕೆ ಸೇರಿಲ್ಲ.

ಮೊದಲು ಹೊತ್ತು ಬದಲಿಸಿ. ಕಬ್ಬಿಣವನ್ನು ಹೀರಿಕೊಳ್ಳುವುದು ಸಣ್ಣಕರುಳಿನ ಮೊದಲ ಭಾಗ. ಜಠರದ ಆಮ್ಲ ಅದಕ್ಕೆ ನೆರವಾಗುತ್ತದೆ. ಕಾಫಿ, ಟೀ, ಹಾಲು, ಕ್ಯಾಲ್ಸಿಯಂ, ಗ್ಯಾಸ್ ಮಾತ್ರೆ ಎಲ್ಲವೂ ಅಡ್ಡಿ. ಹಾಗಾಗಿ ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ, ನಿಂಬೆ ಪಾನಕದ ಜೊತೆ ತಗೊಳ್ಳಿ. ಕಾಫಿ ಒಂದು ಗಂಟೆ ತಡವಾಗಲಿ, ಕ್ಯಾಲ್ಸಿಯಂ ರಾತ್ರಿಗಿರಲಿ.

ಬೇಗ ಏರಲಿ ಎಂದು ಸುಮ್ನೆ ಹೆಚ್ಚು ನುಂಗಬೇಡಿ. ಒಂದು ಮಾತ್ರೆ ಒಳಗೆ ಹೋದರೆ ಲಿವರ್ ಹೆಪ್ಸಿಡಿನ್ ಎಂಬ ಹಾರ್ಮೋನು ಬಿಡುತ್ತದೆ. ಅದು ಸುಮಾರು ಒಂದು ದಿನ ಕರುಳಿನ ಬಾಗಿಲನ್ನು ಅರ್ಧ ಮುಚ್ಚಿದ ಹಾಗೆ. ಅದಕ್ಕೇ ಕೆಲವು ವೈದ್ಯರು ದಿನ ಬಿಟ್ಟು ದಿನ ಮಾತ್ರೆ ಕೊಡುತ್ತಾರೆ. ಹೊಟ್ಟೆಯುರಿ, ವಾಕರಿಕೆ, ಮಲಬದ್ಧತೆಯೂ ಇದರಿಂದ ಕಡಿಮೆಯಾಗಬಹುದು. ಮಲ ಕಪ್ಪಾದರೆ ಹೆದರಬೇಡಿ, ಅದು ಕಬ್ಬಿಣದ ಬಣ್ಣ. ಆದರೆ ಡಾಂಬರಿನಂತೆ ಅಂಟಂಟಾಗಿ, ಕೆಟ್ಟ ವಾಸನೆಯಿದ್ದರೆ ಒಳಗೆ ರಕ್ತ ಸೋರುತ್ತಿರಬಹುದು, ತಕ್ಷಣ ತೋರಿಸಿ. ಮಾತ್ರೆಯ ಡಬ್ಬಿ ಮಕ್ಕಳ ಕೈಗೆ ಸಿಗಲೇಬಾರದು. ಒಂದಷ್ಟು ಮಾತ್ರೆ ನುಂಗಿದರೂ ಪುಟ್ಟ ಮಗುವಿನ ಜೀವಕ್ಕೇ ಅಪಾಯ.

ತಿಂಗಳಾದ ಮೇಲೆ ಪರೀಕ್ಷೆ ಮಾಡಿಸಿ. ಹಿಮೋಗ್ಲೋಬಿನ್ 1ರಿಂದ 2 ಗ್ರಾಂ ಏರಿರಬೇಕು. ನಮ್ಮ ಗೃಹಿಣಿಗೆ 9.8 ಬಂದರೆ ದಾರಿ ಸರಿಯಿದೆ ಎಂದರ್ಥ. 12 ತಲುಪಿದ ಕೂಡಲೇ ನಿಲ್ಲಿಸಬೇಡಿ. ದೇಹದ ದಾಸ್ತಾನು ತುಂಬಲು ಇನ್ನೂ ಮೂರು ತಿಂಗಳು ಬೇಕು. ಜೊತೆಗೆ ರಕ್ತಸ್ರಾವಕ್ಕೂ ಚಿಕಿತ್ಸೆ ಆಗಬೇಕು, ಇಲ್ಲದಿದ್ದರೆ ತುಂಬಿದ್ದೆಲ್ಲ ಸೋರಿಹೋಗುತ್ತದೆ ಅಲ್ವಾ?

ಆಗಲೂ ಏರದಿದ್ದರೆ ಬೇರೆ ಕಾರಣ ಹುಡುಕಿ. ಬಿ12 ಕಡಿಮೆಯಿರಬಹುದು. ಇದು ಮುಖ್ಯವಾಗಿ ಮಾಂಸ, ಮೀನು, ಮೊಟ್ಟೆ, ಹಾಲಿನಲ್ಲಿ ಸಿಗುತ್ತದೆ. ಜಠರದ ಒಂದು ಪ್ರೋಟೀನು ಅದನ್ನು ಹಿಡಿದು ಸಣ್ಣಕರುಳಿನ ಕೊನೆಯವರೆಗೆ ಒಯ್ದರೆ ಮಾತ್ರ ರಕ್ತಕ್ಕೆ ಸೇರುತ್ತದೆ. ಆ ಪ್ರೋಟೀನೇ ಇಲ್ಲದವರಿಗೆ ಸಾಮಾನ್ಯವಾಗಿ ಇಂಜೆಕ್ಷನ್ ಕೊಡುತ್ತಾರೆ. ಸಕ್ಕರೆ ಕಾಯಿಲೆಗೆ ವರ್ಷಗಟ್ಟಲೆ ಮೆಟ್‌ಫಾರ್ಮಿನ್ ತಿನ್ನುವವರಲ್ಲೂ ಬಿ12 ಇಳಿಯಬಹುದು. ಇಂಥವರು ಬರೀ ಫೋಲಿಕ್ ಆಮ್ಲ ತಗೊಂಡರೆ ರಕ್ತ ಸರಿಹೋದಂತೆ ಕಾಣುತ್ತದೆ, ನರಗಳ ಹಾನಿ ಮಾತ್ರ ಒಳಗೊಳಗೇ ಮುಂದುವರಿಯುತ್ತದೆ. ಕಾಲು ಜುಮುಗುಟ್ಟುತ್ತಿದ್ದರೆ ಮೊದಲು ಬಿ12 ನೋಡಿಸಿ.

ಕಿಡ್ನಿ ಕಾಯಿಲೆ ಇರುವವರ ವಿಷಯ ಬೇರೆ. ರಕ್ತಕಣ ತಯಾರಿಸು ಎಂದು ಮೂಳೆಮಜ್ಜೆಗೆ ಹೇಳುವ ಎರಿಥ್ರೋಪೊಯೆಟಿನ್ ಹುಟ್ಟುವುದೇ ಕಿಡ್ನಿಯಲ್ಲಿ. ಅದು ಸಾಲದಿದ್ದಾಗ ಇಂಜೆಕ್ಷನ್ ಬೇಕಾಗುತ್ತದೆ. ಆದರೆ ಕಬ್ಬಿಣದ ದಾಸ್ತಾನು ಇಲ್ಲದೆ ಅದೂ ಕೆಲಸ ಮಾಡದು. ಇಂಜೆಕ್ಷನ್‌ನಿಂದ ಬಿಪಿ ಏರಬಹುದು. ಹಿಮೋಗ್ಲೋಬಿನ್ 13ರವರೆಗೆ ಏರಿಸಲು ಹೋದರೆ ರಕ್ತ ಹೆಪ್ಪುಗಟ್ಟುವ, ಪಾರ್ಶ್ವವಾಯು ಬಡಿಯುವ ಅಪಾಯವಿದೆ. ಅದಕ್ಕೇ ವೈದ್ಯರು 11ರ ಆಸುಪಾಸಿನಲ್ಲೇ ನಿಲ್ಲಿಸುತ್ತಾರೆ.