ಹುಬ್ಬು ದಟ್ಟವಾಗಿಯೇ ಇರಲಿ, ಬಿಡಿಗೂದಲಷ್ಟೇ ಹೋಗಲಿ

ಕ್ಷೌರ ಮುಗಿದ ಮೇಲೆ ಅದೇ ಕುರ್ಚಿಯಲ್ಲಿ ಕೂತಿದ್ದಾಗ "ಐಬ್ರೋ ಸ್ವಲ್ಪ ಸರಿ ಮಾಡ್ಲಾ ಸಾರ್?" ಎಂದು ಕೇಳುವುದು ಈಗ ಸಲೂನುಗಳಲ್ಲಿ ಸಾಮಾನ್ಯವಾಗಿದೆ. ಹೂಂ ಎಂದವರಲ್ಲಿ ಕೆಲವರು ಐದು ನಿಮಿಷದ ನಂತರ ಕನ್ನಡಿ ನೋಡಿ ಗಾಬರಿಯಾಗುತ್ತಾರೆ. ಹುಬ್ಬು ತೆಳ್ಳಗಾಗಿ, ಹೊರತುದಿಯ ಕಡೆಗೆ ಕಮಾನಿನಂತೆ ಏರಿ, ಮುಖಕ್ಕೆ ಸದಾ ಆಶ್ಚರ್ಯಪಟ್ಟಂತಹ ಕಳೆ ಬಂದಿರುತ್ತದೆ. 22 ವರ್ಷಗಳಿಂದ ಇದೇ ಕೆಲಸದಲ್ಲಿರುವ ನಾನು ಆರಂಭದ ದಿನಗಳಲ್ಲಿ ಇಂತಹ ಹುಬ್ಬುಗಳನ್ನು ಮಾಡಿ ಕಳಿಸಿದ್ದೇನೆ. ತಪ್ಪು ಎಲ್ಲಾಯಿತೆಂಬುದು ಅರ್ಥವಾಗಲು ಬಹಳ ಸಮಯ ಹಿಡಿಯಿತು.

ಪುರುಷರ ಹುಬ್ಬು ಸಾಮಾನ್ಯವಾಗಿ ಕಣ್ಣಿನ ಗುಳಿಯ ಮೇಲಂಚಿನ ಮೂಳೆಯ ಮೇಲೆಯೇ, ಹೆಚ್ಚು ಬಾಗದೆ, ನೇರವಾಗಿ ಕೂತಿರುತ್ತದೆ. ಮಹಿಳೆಯರದು ಸಾಮಾನ್ಯವಾಗಿ ಆ ಮೂಳೆಗಿಂತ ತುಸು ಮೇಲಿದ್ದು, ಹೊರಭಾಗದಲ್ಲಿ ಬಾಗುತ್ತದೆ. ಥ್ರೆಡಿಂಗ್ ಕಲಿಯುವವರ ಕೈ ಹೆಚ್ಚಾಗಿ ಪಳಗುವುದು ಆ ಬಾಗಿದ ಆಕಾರದ ಮೇಲೆ. ದಾರ ಒಮ್ಮೆ ಎಳೆದರೆ ಒಂದು ಸಾಲು ಕೂದಲು ಒಟ್ಟಿಗೆ ಬರುವುದರಿಂದ, ಕೆಳಗಂಚಿನಲ್ಲಿ ಎರಡು ಸಾಲು ಹೋದರೂ ಹುಬ್ಬು ಇಡಿಯಾಗಿ ಮೇಲೆ ಸರಿದಂತೆ ಕಾಣುತ್ತದೆ. ಬಿಡಿಗೂದಲಷ್ಟೇ ತೆಗೆಯುವ ಕೆಲಸಕ್ಕೆ ದಾರಕ್ಕಿಂತ ಚಿಮಟವೇ ಸರಿ ಎಂದು ನಾನು ಹೇಳುವುದು ಈ ಕಾರಣಕ್ಕೆ. ಚಿಮಟದಲ್ಲಿ ಕೂದಲು ಒಂದೊಂದಾಗಿ ಮಾತ್ರ ಬರುತ್ತದೆ, ಪ್ರತಿ ಕೂದಲಿಗೂ ಯೋಚಿಸಲು ಸಮಯ ಸಿಗುತ್ತದೆ.

ಬೇಕಾಗುವ ಸಾಮಾನು ಮೂರೇ. ಓರೆಯಾಗಿ ಕತ್ತರಿಸಿದ ತುದಿಯ ಚಿಮಟ (ಅಂಗಡಿಯಲ್ಲಿ ಪ್ಲಕ್ಕರ್ ಎಂದು ಕೇಳಿದರೆ ಕೊಡುತ್ತಾರೆ), ಚಿಕ್ಕ ಕತ್ತರಿ, ಮತ್ತು ಹುಬ್ಬು ಬಾಚಲು ಸಣ್ಣ ಬ್ರಷ್. ಬಳಸದ ಮೆತ್ತನೆಯ ಟೂತ್‌ಬ್ರಷ್ ಆದರೂ ನಡೆಯುತ್ತದೆ. ಚಿಮಟದ ತುದಿಗಳು ಒಂದಕ್ಕೊಂದು ಪೂರ್ತಿ ಕೂಡಬೇಕು. ಬೆಳಕಿಗೆ ಹಿಡಿದು ಒತ್ತಿದಾಗ ನಡುವೆ ಸಂದು ಕಂಡರೆ ಅದು ಕೂದಲನ್ನು ಕೀಳುವ ಬದಲು ನಡುವೆಯೇ ತುಂಡರಿಸುತ್ತದೆ. ಮುಖವನ್ನು ದೊಡ್ಡದು ಮಾಡಿ ತೋರಿಸುವ ಕನ್ನಡಿ ಬೇಡ. ಅದರಲ್ಲಿ ಎದುರಿಗಿರುವವರಿಗೆ ಎಂದೂ ಕಾಣದ ನವಿರುಗೂದಲೂ ಕಂಡು, ಕೈ ನಿಲ್ಲುವುದೇ ಇಲ್ಲ. ಹಗಲಿನಲ್ಲಿ ಕಿಟಕಿಗೆ ಮುಖ ಮಾಡಿ, ಮಾಮೂಲಿ ಕನ್ನಡಿಯ ಮುಂದೆ ಕೂರುವುದು ಉತ್ತಮ.

ಸ್ನಾನವಾದ ಹತ್ತು ನಿಮಿಷದೊಳಗೆ ಚರ್ಮ ಮೆತ್ತಗಿರುತ್ತದೆ, ನೋವು ಕಡಿಮೆ. ಆದರೆ ಹುಬ್ಬನ್ನು ಒರೆಸಿ ಪೂರ್ತಿ ಒಣಗಿಸಿಕೊಳ್ಳಬೇಕು. ಒದ್ದೆ ಕೂದಲು ಗುಂಪಾಗಿ ಅಂಟಿಕೊಂಡು ಉದ್ದವಾಗಿ ಕಾಣುವುದರಿಂದ ಕತ್ತರಿಯ ಅಂದಾಜು ತಪ್ಪುತ್ತದೆ. ಚಿಮಟದ ತುದಿಯನ್ನು ಸರ್ಜಿಕಲ್ ಸ್ಪಿರಿಟ್‌ನಲ್ಲಿ ಒರೆಸಿ, ಅದು ಆರಿದ ಮೇಲೆ ಕೆಲಸ ಆರಂಭಿಸಿ.

ಈಗ ಮುಖ್ಯ ವಿಷಯ. ಒಂದು ಕೂದಲು ಬಿಡಿಗೂದಲೇ ಅಲ್ಲವೇ ಎಂಬುದನ್ನು ಅದರ ತುದಿಯಿಂದಲ್ಲ, ಬುಡದಿಂದ ನಿರ್ಧರಿಸಬೇಕು. ಹುಬ್ಬನ್ನು ಅದು ಬೆಳೆಯುವ ದಿಕ್ಕಿಗೇ ಮೃದುವಾಗಿ ಬಾಚಿ ನೋಡಿ. ಮೂಗಿನ ಕಡೆಯ ಕೂದಲು ಮೇಲ್ಮುಖವಾಗಿ ನಿಲ್ಲುತ್ತದೆ. ನಡುಭಾಗದಲ್ಲಿ ಕೆಳಗಿನ ಸಾಲು ಓರೆಯಾಗಿ ಮೇಲಕ್ಕೂ ಮೇಲಿನ ಸಾಲು ಓರೆಯಾಗಿ ಕೆಳಕ್ಕೂ ಬಾಗಿ, ಒಂದರ ಮೇಲೊಂದು ಒರಗಿ ಕೂಡುತ್ತವೆ. ಹುಬ್ಬು ತುಂಬಿಕೊಂಡಂತೆ ಕಾಣುವುದು ಈ ಒರಗುವಿಕೆಯಿಂದಲೇ. ಹಾಗಾಗಿ ಬುಡ ದಟ್ಟ ಭಾಗದ ಒಳಗಿದ್ದು ತುದಿ ಮಾತ್ರ ಹೊರಗೆ ಚಾಚಿದ್ದರೆ ಆ ಕೂದಲನ್ನು ಕೀಳಲೇಬಾರದು, ತುದಿ ಕತ್ತರಿಸಬೇಕು. ಬುಡವೇ ದಟ್ಟ ಭಾಗದಿಂದ ಎರಡು ಮಿಲಿಮೀಟರಿಗಿಂತ ಆಚೆ, ಸುತ್ತ ಬರಿ ಚರ್ಮ ಕಾಣುವಂತೆ ಒಂಟಿಯಾಗಿದ್ದರೆ ಅದು ಬಿಡಿಗೂದಲು, ಕೀಳಬಹುದು. ಯಾವುದೆಂದು ಅನುಮಾನವಾದರೆ ಆ ದಿನಕ್ಕೆ ಅದನ್ನು ಬಿಟ್ಟುಬಿಡಿ.

ಇಂತಹ ಕೂದಲು ಸಿಗುವುದು ಹೆಚ್ಚಾಗಿ ಎರಡೇ ಕಡೆ: ಎರಡು ಹುಬ್ಬುಗಳ ನಡುವೆ, ಮತ್ತು ಹುಬ್ಬಿಗೂ ರೆಪ್ಪೆಗೂ ನಡುವಿನ ಜಾಗದಲ್ಲಿ. ಮೇಲಂಚನ್ನು ಮುಟ್ಟಬೇಡಿ. ಅಲ್ಲಿನ ನಯವಾದ ಕೂದಲುಗಳು ಹುಬ್ಬನ್ನು ಹಣೆಯ ಚರ್ಮದೊಳಗೆ ನಿಧಾನವಾಗಿ ಕರಗಿಸುತ್ತವೆ; ಅವು ಹೋದರೆ ಪೆನ್ನಿನಲ್ಲಿ ಗೆರೆ ಎಳೆದಂತೆ ಕಾಣುತ್ತದೆ, ಮತ್ತು ಏನೋ ಮಾಡಿಸಿಕೊಂಡಿದ್ದಾರೆ ಎಂಬುದು ನೋಡಿದವರಿಗೆ ಮೊದಲು ತಿಳಿಯುವುದು ಅಲ್ಲಿಂದಲೇ. ಮೇಲಂಚಿಗೆ ಬ್ಲೇಡು ಹಾಕಿಸುವುದನ್ನೂ ನಾನು ಒಪ್ಪುವುದಿಲ್ಲ. ಕೆಲವೇ ದಿನಗಳಲ್ಲಿ ಮೊಂಡು ತುದಿಗಳು ಎದ್ದು, ಗಡ್ಡ ಚಿಗುರಿದ ಹಾಗೆ ಕಪ್ಪು ನೆರಳು ಕಾಣಿಸುತ್ತದೆ.

ಕೀಳುವ ಕ್ರಮ ಹೀಗಿದೆ. ಎಡಗೈಯ ಎರಡು ಬೆರಳಿನಿಂದ ಚರ್ಮವನ್ನು ಬಿಗಿಯಾಗಿ ಹಿಡಿದು, ಕೂದಲನ್ನು ಬುಡಕ್ಕೆ ಸಾಧ್ಯವಾದಷ್ಟು ಹತ್ತಿರ ಕಚ್ಚಿ, ಅದು ಬೆಳೆದಿರುವ ದಿಕ್ಕಿಗೇ ಒಂದೇ ಸಮನೆ ಎಳೆಯಬೇಕು. ಎದುರು ದಿಕ್ಕಿಗೆ ಎಳೆದರೆ ಕೂದಲು ಚರ್ಮದೊಳಗೆ ಮುರಿಯುತ್ತದೆ. ಮುರಿದದ್ದು ಹೊರಬರಲಾಗದೆ ಒಳಗೇ ಬಾಗಿ ಬೆಳೆದರೆ ಕೆಂಪು ಗುಳ್ಳೆಯಾಗುತ್ತದೆ. ಕಿತ್ತ ಕೂದಲನ್ನು ಬಿಳಿ ಕಾಗದದ ಮೇಲಿಟ್ಟು ನೋಡಿದರೆ ಸರಿಯಾಗಿ ಬಂದಿದೆಯೇ ಎಂಬುದು ಗೊತ್ತಾಗುತ್ತದೆ: ಬುಡದಲ್ಲಿ ಪುಟ್ಟ ಗಂಟು ಇದ್ದರೆ ಬೇರು ಸಹಿತ ಬಂದಿದೆ, ಇಲ್ಲದಿದ್ದರೆ ತುಂಡಾಗಿದೆ. ಕೀಳುವಾಗ ಕಣ್ಣಲ್ಲಿ ನೀರು ಬರುವುದು, ಸೀನು ಬರುವುದು ಸಹಜ. ಮುಖದ ನರದ ಪ್ರತಿಕ್ರಿಯೆ ಅದು, ಭಯಪಡಬೇಕಿಲ್ಲ. ಒಂದು ಕಡೆ ಐದಾರು ಕೂದಲು ತೆಗೆದ ಮೇಲೆ ಇನ್ನೊಂದು ಕಡೆಗೆ ಹೋಗಿ, ಪ್ರತಿ ಸಲವೂ ಕನ್ನಡಿಯಿಂದ ಮೂರಡಿ ಹಿಂದೆ ಸರಿದು ನೋಡಿ. ಒಂದು ಹುಬ್ಬನ್ನು ಪೂರ್ತಿ ಮುಗಿಸಿ ಇನ್ನೊಂದನ್ನು ಅದಕ್ಕೆ ಸರಿಹೊಂದಿಸಲು ಹೊರಟವರ ಎರಡೂ ಹುಬ್ಬುಗಳು ತೆಳ್ಳಗಾಗುತ್ತವೆ. ಎರಡು ಹುಬ್ಬು ಅಚ್ಚು ಹಾಕಿದಂತೆ ಒಂದೇ ಆಗಿರುವುದಿಲ್ಲ, ಆಗಬೇಕಾಗಿಯೂ ಇಲ್ಲ.

ಎರಡು ಹುಬ್ಬುಗಳ ನಡುವಿನ ಜಾಗವನ್ನು ಒಂದು ಉದಾಹರಣೆಯ ಮೂಲಕವೇ ಹೇಳುತ್ತೇನೆ. ನನ್ನ ಅಕ್ಕನ ಮಗನದು ಕೂಡುಹುಬ್ಬು. ಮದುವೆಗೆ ಐದು ವಾರವಿರುವಾಗ ಬಂದು, "ಮಾಮ, ನಡುವಿನದನ್ನೆಲ್ಲ ತೆಗೆದುಬಿಡಿ" ಎಂದ. ಹುಬ್ಬು ಎಲ್ಲಿಂದ ಆರಂಭವಾಗಬೇಕೆಂದು ತಿಳಿಯಲು ಮೂಗಿನ ಹೊಳ್ಳೆಯ ಪಕ್ಕಕ್ಕೆ ಪೆನ್ಸಿಲನ್ನು ನೆಟ್ಟಗೆ ಹಿಡಿದು, ಅದು ಕಣ್ಣಿನ ಒಳಮೂಲೆಯ ಮೇಲೆ ಹಾದು ಹುಬ್ಬನ್ನು ಸೇರುವ ಜಾಗವನ್ನು ಗುರುತಿಸುವುದು ರೂಢಿ. ಆದರೆ ಪುರುಷರಲ್ಲಿ ಆ ಗೆರೆಯವರೆಗೂ ತೆಗೆಯಬಾರದು. ಗೆರೆಯಿಂದ ಮೂಗಿನ ಕಡೆಗೆ ಕನಿಷ್ಠ ಮೂರು ಮಿಲಿಮೀಟರ್ ಹುಬ್ಬು ಉಳಿಯಬೇಕು, ಇಲ್ಲದಿದ್ದರೆ ಮೂಗು ಅಗಲವಾಗಿ, ಕಣ್ಣುಗಳು ದೂರವಾಗಿ ಕಾಣುತ್ತವೆ. ಅವನ ಕಣ್ಣಿನ ಒಳಮೂಲೆಗಳ ನಡುವಿನ ಅಂತರ 32 ಮಿಲಿಮೀಟರ್ ಇತ್ತು. ಮೊದಲ ದಿನ ನಾನು ನಟ್ಟನಡುವಿನ ಒಂದು ಸೆಂಟಿಮೀಟರ್ ಜಾಗದ ಕೂದಲನ್ನು ಮಾತ್ರ ತೆಗೆದೆ. ಎಣಿಸಿದರೆ 26 ಬಂದವು. ಅವನಿಗೆ ಸಮಾಧಾನವಾಗಲಿಲ್ಲ. ಒಂದು ವಾರ ಹಾಗೇ ಓಡಾಡಿ ಬಾ ಎಂದು ಕಳಿಸಿದೆ.

ಹುಟ್ಟಿದಾಗಿನಿಂದ ಕೂಡುಹುಬ್ಬನ್ನೇ ಕಂಡ ಮುಖಕ್ಕೆ ಒಂದು ಸೆಂಟಿಮೀಟರ್ ಬಯಲೂ ದೊಡ್ಡ ಬದಲಾವಣೆಯೇ, ಕಣ್ಣಿಗೆ ಅದು ಒಗ್ಗಲು ದಿನ ಬೇಕು. ವಾರದ ನಂತರ ಎರಡೂ ಬದಿಗೆ ಮೂರು ಮೂರು ಮಿಲಿಮೀಟರ್ ಹೆಚ್ಚಿಸಿದೆ. ಈ ಸಲ ಎಲ್ಲವನ್ನೂ ತೆಗೆಯದೆ ಒಂದು ಬಿಟ್ಟು ಒಂದು ಕೂದಲನ್ನು ಕಿತ್ತೆ. ಆಗ ಅಂಚು ಗೋಡೆಯಂತೆ ನೆಟ್ಟಗೆ ನಿಲ್ಲದೆ ತೆಳುವಾಗುತ್ತ ಹೋಗುತ್ತದೆ. ಒಟ್ಟು 16 ಮಿಲಿಮೀಟರಿಗೆ ನಿಲ್ಲಿಸಿದೆ. ಪೆನ್ಸಿಲ್ ಲೆಕ್ಕದ ಪ್ರಕಾರ ಇನ್ನೂ ತೆಗೆಯಬಹುದಿತ್ತು, ಅವನ ಮುಖಕ್ಕೆ ಬೇಕಿರಲಿಲ್ಲ. ಕೆಳಗಂಚಿನಲ್ಲಿ ಎಡಕ್ಕೆ ಏಳು, ಬಲಕ್ಕೆ ನಾಲ್ಕು ಬಿಡಿಗೂದಲು ಸಿಕ್ಕವು, ಅಷ್ಟೇ. ಮತ್ತೆ ಚಿಗುರಿದ್ದನ್ನು ಕೊನೆಯ ಬಾರಿ ತೆಗೆದದ್ದು ಮದುವೆಗೆ ನಾಲ್ಕು ದಿನ ಮೊದಲು. ಕೆಂಪು ಕೆಲವು ಗಂಟೆಗಳಲ್ಲಿ ಇಳಿದರೂ ಗುಳ್ಳೆ ಏಳುವುದಾದರೆ ಒಂದೆರಡು ದಿನದ ನಂತರ ಏಳುತ್ತದೆ, ಅದಕ್ಕೆ ಜಾಗ ಬಿಡಬೇಕು.

ಕತ್ತರಿಯ ಕೆಲಸ ನಲವತ್ತು ದಾಟಿದವರಿಗೆ ಹೆಚ್ಚು, ಏಕೆಂದರೆ ಆ ವಯಸ್ಸಿನ ನಂತರ ಹುಬ್ಬಿನಲ್ಲಿ ಕೆಲವು ಕೂದಲು ಒರಟಾಗಿ ಉದ್ದ ಬೆಳೆಯುತ್ತವೆ. ಹುಬ್ಬನ್ನು ನೇರವಾಗಿ ಮೇಲಕ್ಕೆ ಬಾಚಿ, ಮೇಲಂಚನ್ನು ದಾಟಿ ಎದ್ದು ನಿಂತ ಕೂದಲನ್ನು ಒಂದೊಂದಾಗಿ ಹಿಡಿದು, ದಾಟಿದ ಉದ್ದದಲ್ಲಿ ಅರ್ಧದಷ್ಟನ್ನು ಮಾತ್ರ ಓರೆಯಾಗಿ ಕತ್ತರಿಸಿ, ಮತ್ತೆ ಮಾಮೂಲಿಯಾಗಿ ಬಾಚಿ ನೋಡಿ. ಬಾಚಣಿಗೆ ಇಟ್ಟು ಸಾಲಾಗಿ ಕತ್ತರಿಸುವುದು, ಟ್ರಿಮ್ಮರ್ ಓಡಿಸುವುದು ಬೇಡ. ಗಿಡ್ಡವಾದ ಕೂದಲು ಒರಗದೆ ನೆಟ್ಟಗೆ ನಿಂತು, ನಡುವೆ ಚರ್ಮ ಇಣುಕಿ, ದಟ್ಟ ಹುಬ್ಬೂ ಬೋಳಾದಂತೆ ಕಾಣುತ್ತದೆ. ಬಿಳಿಗೂದಲು ಕಂಡ ಕೂಡಲೇ ಕೀಳುವ ಅಭ್ಯಾಸವೂ ಹುಬ್ಬಿನ ನಡುವೆ ತೂತು ಮಾಡುತ್ತದೆ.

ಮುಗಿದ ಮೇಲೆ ತಣ್ಣೀರಿನಲ್ಲಿ ಅದ್ದಿದ ಬಟ್ಟೆಯನ್ನು ಐದು ನಿಮಿಷ ಒತ್ತಿ ಹಿಡಿದರೆ ಸಾಕು. ಆ ದಿನ ಸುಗಂಧ ಹಾಕಿದ ಲೋಷನ್ ಸವರಬೇಡಿ. ಮೊಡವೆಗೆಂದು ಅಡಾಪಲೀನ್ ಅಥವಾ ಟ್ರೆಟಿನೋಯಿನ್ ಮುಲಾಮು ಹಚ್ಚುತ್ತಿರುವವರ ಚರ್ಮ ಸೂಕ್ಷ್ಮವಾಗಿರುವುದರಿಂದ ವ್ಯಾಕ್ಸ್ ಮಾಡಿಸಿದರೆ ಚರ್ಮವೇ ಕಿತ್ತು ಬರಬಹುದು. ಅಂತಹವರು ವೈದ್ಯರನ್ನು ಕೇಳಿಯೇ ಮುಂದುವರಿಯಬೇಕು. ಏನೂ ಮಾಡದಿದ್ದರೂ ಹುಬ್ಬಿನ ಹೊರತುದಿ ತಾನಾಗಿ ಉದುರುತ್ತಿದ್ದರೆ ಅದು ಅಂದದ ಪ್ರಶ್ನೆಯಲ್ಲ. ಥೈರಾಯ್ಡ್ ಕೊರತೆಯಲ್ಲೂ ಹಾಗಾಗುವುದುಂಟು, ತಪಾಸಣೆ ಮಾಡಿಸಿ.

ಹೆಚ್ಚು ತೆಗೆದುಬಿಟ್ಟವರು ಮಾಡಬೇಕಾದದ್ದು ಕಾಯುವುದೊಂದೇ. ಹುಬ್ಬಿನ ಕೂದಲು ತಲೆಗೂದಲಿನಂತೆ ವರ್ಷಗಟ್ಟಲೆ ಬೆಳೆಯುವುದಿಲ್ಲ; ಒಂದೆರಡು ತಿಂಗಳು ಬೆಳೆದು, ನಂತರ ತಿಂಗಳುಗಟ್ಟಲೆ ವಿಶ್ರಮಿಸುತ್ತದೆ. ಆದ್ದರಿಂದ ಕಿತ್ತದ್ದು ಕಾಣಿಸಿಕೊಳ್ಳಲು ಎರಡು ತಿಂಗಳು, ಹುಬ್ಬು ಪೂರ್ತಿ ತುಂಬಲು ನಾಲ್ಕು ತಿಂಗಳೂ ಬೇಕಾಗಬಹುದು. ಅಲ್ಲಿಯವರೆಗೆ ಚಿಗುರುವ ಕೂದಲು ಎಷ್ಟೇ ಅಡ್ಡಾದಿಡ್ಡಿಯಾಗಿ ಕಂಡರೂ ಮುಟ್ಟಬಾರದು. ವರ್ಷಗಟ್ಟಲೆ ಒಂದೇ ಜಾಗದಲ್ಲಿ ಕೀಳುತ್ತಿದ್ದರೆ ಬೇರು ಸೊರಗಿ, ಅಲ್ಲಿ ಮತ್ತೆ ಬೆಳೆಯದೆಯೂ ಹೋಗಬಹುದು.

ಉಳಿದವರು ಮೂರು ವಾರಕ್ಕೊಮ್ಮೆ ಹತ್ತು ನಿಮಿಷ ಕೂತರೆ ಸಾಕು. ಸಲೂನಿನಲ್ಲೇ ಮಾಡಿಸುವವರು ಕುರ್ಚಿ ಹಿಂದಕ್ಕೆ ಬಾಗಿಸುವ ಮುಂಚೆಯೇ, "ನಡುವೆ ಮತ್ತು ಕೆಳಗೆ ಬಿಡಿಗೂದಲು ಮಾತ್ರ, ಮೇಲೆ ಮುಟ್ಟಬೇಡಿ, ಶೇಪ್ ಬೇಡ" ಎಂದು ಸ್ಪಷ್ಟವಾಗಿ ಹೇಳಿ, ಒಂದು ಕಡೆ ಐದಾರು ಕೂದಲು ತೆಗೆದ ಕೂಡಲೇ ಕನ್ನಡಿ ಕೇಳಿ.