ಇಷ್ಟ ಇರೋರಿಗೆ ಹಬ್ಬದ ವಿಶ್ ಕಳ್ಸೋರಿಗೆ ಒಂದು ಟಿಪ್

ಹಬ್ಬದ ವಿಶ್‌ನಲ್ಲಿ ಅವ್ರೇ ಇತ್ತೀಚೆಗೆ ಹೇಳಿದ್ದ ಒಂದು ಸಣ್ಣ ವಿಷ್ಯ ಹಾಕಿ, ಕೊನೇಲಿ ಸುಲಭವಾಗಿ ಉತ್ತರ ಕೊಡೋ ಥರ ಒಂದು ಪ್ರಶ್ನೆ ಇಡಿ, ಅಷ್ಟೇ. ಉದಾಹರಣೆಗೆ ಮನೆ ಕ್ಲೀನಿಂಗ್ ಎಲ್ಲಾ ನನ್ ತಲೆಮೇಲೇ ಬಿದ್ದಿದೆ ಅಂತ ಅವ್ರು ಗೊಣಗಿದ್ರೆ, "ಹಬ್ಬದ ಶುಭಾಶಯ! ಮನೆ ಮಿಂಚ್ತಿದೆಯೋ ಇಲ್ವೋ ಗೊತ್ತಿಲ್ಲ, ನೀವಂತೂ ಇವತ್ತು ಮಿಂಚ್ತಾ ಇರ್ತೀರ, ಯಾವ ಕಲರ್ ಡ್ರೆಸ್ಸು?" ಅಂತ ಕಳ್ಸಿ. ಹೂವಿನ ಫೋಟೋ ಫಾರ್ವರ್ಡ್‌ಗೆ ಥ್ಯಾಂಕ್ಸ್ ಬಿಟ್ರೆ ಬೇರೇನೂ ಹೇಳಕ್ಕಾಗಲ್ಲ, ಇದಕ್ಕೆ ಉತ್ತರ ಕೊಡ್ಬೋದು, ಜೊತೆಗೆ ನನ್ ಮಾತು ನೆನಪಿಟ್ಕೊಂಡಿದಾರೆ ಅನ್ನೋದೂ ಗೊತ್ತಾಗತ್ತೆ, ನನ್ ಪ್ರಕಾರ ಹೊಗಳಿಕೆಗಿಂತ ಅದೇ ಜಾಸ್ತಿ ಮುಟ್ಟೋದು. ಬೆಳಗ್ಗೆ ಎಲ್ರ ಮೆಸೇಜ್ ರಾಶಿ ಬೀಳೋ ಟೈಮಲ್ಲಿ ಬೇಡ, ಹಿಂದಿನ ಸಂಜೆನೋ ಇಲ್ಲಾ ಹಬ್ಬದ ಗಲಾಟೆ ಮುಗಿದ್ಮೇಲೋ ಕಳ್ಸಿ. ಆದ್ರೆ ನಿಮ್ಮಿಬ್ರ ಮಧ್ಯೆ ಮೊದ್ಲೇ ಮಾತುಕತೆ ಇಲ್ದಿದ್ರೆ ಇದು ನಡಿಯಲ್ಲ, ಅವ್ರು ಹೇಳ್ದೇ ಇರೋದನ್ನ ಪ್ರೊಫೈಲ್ ಕೆದಕಿ ತಂದು ಹಾಕಿದ್ರಂತೂ ಭಯ ಆಗತ್ತೆ ಅವ್ರಿಗೆ. ಹಬ್ಬದ ದಿನ ಫೋನ್ ಮನೆಯವ್ರ ಕೈಲೂ ಇರತ್ತೆ, ಹಾಗಾಗಿ ಅಮ್ಮ ಓದಿದ್ರೂ ಮುಜುಗರ ಆಗದಷ್ಟೇ ಬರೀರಿ. ಬರೀ "ಸೇಮ್ ಟು ಯು" ಅಂತ ಬಂದ್ರೆ ಎರಡನೇ ಮೆಸೇಜ್ ಹಾಕ್ಬೇಡಿ.