ಮಳೆಗಾಲದಲ್ಲೂ ಕೈಕೊಡದ ಟಚ್ ಸ್ವಿಚ್: ನನ್ನ ಅನುಭವ

ಪಂಪ್‌ಗೆ ಟಚ್ ಸ್ವಿಚ್ ಮಾಡುತ್ತೇನೆ ಎಂದಾಗ "ಸುಮ್ನೆ ಟಿಟಿಪಿ223 ಟಚ್ ಚಿಪ್ ಹಾಕಿ ಮುಗಿಸು" ಎಂದೇ ಎಲ್ಲರೂ ಹೇಳಿದರು. ಆದರೆ ಪಂಪ್ ಪ್ಯಾನಲ್‌ನಲ್ಲಿ ಅಟ್‌ಮೆಗಾ328ಪಿ ಮೈಕ್ರೋಕಂಟ್ರೋಲರ್ ಹೇಗೂ ಇತ್ತು. ನಾಲ್ಕು ಪ್ಯಾಡ್‌ಗೆ ನಾಲ್ಕು 1 ಮೆಗಾ ಓಮ್ ರೆಸಿಸ್ಟರ್ ಸಾಕು, ಐದು ರೂಪಾಯಿಯೂ ಆಗಲ್ಲ. ಈಗ ಒಂದು ಮಳೆಗಾಲ ಪೂರ್ತಿ ಕಳೆದಿದೆ, ಪಂಪ್ ಒಮ್ಮೆಯೂ ತಾನಾಗಿ ಆನ್ ಆಗಿಲ್ಲ.

ಪ್ಯಾಡ್‌ಗಳು ಎ0ಯಿಂದ ಎ3ರವರೆಗಿನ ಪಿನ್‌ಗಳಲ್ಲಿವೆ, ಮೇಲೆ 3 ಮಿ.ಮೀ. ಅಕ್ರಿಲಿಕ್. ಪ್ಯಾಡನ್ನು ಲೋ ಮಾಡಿ ಬಿಡುತ್ತೇನೆ. ಅದು ರೆಸಿಸ್ಟರ್ ಮೂಲಕ ಚಾರ್ಜ್ ಆಗಿ ಅರ್ಧ ವೋಲ್ಟೇಜ್ ದಾಟಿದ ಕ್ಷಣವನ್ನು ಕಂಪ್ಯಾರೇಟರ್ ನೇರವಾಗಿ ಟೈಮರ್1ಕ್ಕೆ ತಿಳಿಸುತ್ತದೆ. ಹೋಲಿಸುವ ಅರ್ಧ ವೋಲ್ಟೇಜನ್ನೂ ಅದೇ ಸಪ್ಲೈನಿಂದ ಎರಡು ರೆಸಿಸ್ಟರ್ ಹಾಕಿ ತೆಗೆದಿದ್ದೇನೆ. ಹಾಗಾಗಿ ಸಪ್ಲೈ ನಿಧಾನವಾಗಿ ಏರಿಳಿದರೂ ಟೈಮರ್‌ನ ಎಣಿಕೆ ಅಷ್ಟಾಗಿ ಬದಲಾಗಲ್ಲ. 16 ಮೆಗಾಹರ್ಟ್ಸ್‌ನಲ್ಲಿ ಬೆರಳಿಲ್ಲದಾಗ ಸುಮಾರು 160 ಎಣಿಕೆ, ಬೆರಳಿಟ್ಟರೆ ಹದಿನೈದರಷ್ಟು ಜಾಸ್ತಿ. 50 ಹರ್ಟ್ಸ್ ಗುಂಯ್‌ಗುಡುವಿಕೆ ಸೇರದಿರಲಿ ಎಂದು 20 ಮಿಲಿಸೆಕೆಂಡಿನ ಉದ್ದಕ್ಕೂ ಹಂಚಿ 16 ಸಲ ಅಳೆದು ಕೂಡಿಸುತ್ತೇನೆ. ಒಟ್ಟು 2560ರ ಹತ್ತಿರ, ಬೆರಳಿಗೆ 240.

ತೊಂದರೆ ಶುರುವಾದದ್ದು ಇಲ್ಲಿ. ಮಳೆಯ ಬೆಳಗ್ಗೆಗೂ ಬಿಸಿಲಿನ ಮಧ್ಯಾಹ್ನಕ್ಕೂ ಈ ಮೊತ್ತ 150ರಷ್ಟು ಸರಿಯುತ್ತಿತ್ತು. ಸ್ಥಿರ ಮಿತಿಯನ್ನು ಮಧ್ಯಾಹ್ನಕ್ಕೆ ಹೊಂದಿಸಿದರೆ ಬೆಳಗ್ಗೆ ಮುಟ್ಟದೆಯೇ ಆನ್, ಬೆಳಗ್ಗೆಗೆ ಹೊಂದಿಸಿದರೆ ಮಧ್ಯಾಹ್ನ ಒತ್ತಿ ಹಿಡಿದರೂ ಇಲ್ಲ.

ಬೆರಳಿಲ್ಲದಾಗಿನ ಮೊತ್ತವನ್ನು, ಅಂದರೆ ಬೇಸ್‌ಲೈನನ್ನು, ನಿಧಾನವಾಗಿ ಸರಿಸುತ್ತಾ ಹೋಗಲು ಎಲ್ಲರೂ ಬರೆಯುವ `base += (raw - base) >> 8` ಕೂಡ ಕೆಲಸ ಮಾಡಲಿಲ್ಲ. ವ್ಯತ್ಯಾಸ 256ಕ್ಕಿಂತ ಕಡಿಮೆ ಇದ್ದರೆ ಶಿಫ್ಟ್ ಆದಮೇಲೆ ಸೊನ್ನೆ, ಬೇಸ್‌ಲೈನ್ ಮೇಲಕ್ಕೆ ಏರುವುದೇ ಇಲ್ಲ. ವ್ಯತ್ಯಾಸ ಮೈನಸ್ ಆದರೆ ಮಾತ್ರ ಪ್ರತಿ ಸಲ ಒಂದೊಂದು ಇಳಿಯುತ್ತದೆ. ಸೀರಿಯಲ್ ಪ್ಲಾಟರ್‌ನಲ್ಲಿ ನೋಡಿ: ಗೆರೆ ನಾಯ್ಸ್‌ನ ತಳಕ್ಕೆ ಅಂಟಿಕೊಂಡು ಅಲ್ಲೇ ನಿಲ್ಲುತ್ತದೆ. ಬೇಸ್‌ಲೈನನ್ನೇ 256 ಪಟ್ಟು ದೊಡ್ಡದಾಗಿ 32 ಬಿಟ್‌ನಲ್ಲಿ ಇಟ್ಟುಕೊಂಡೆ, ಸರಿಹೋಯಿತು:

```c
int16_t d = raw - (int16_t)(base >> 8);
if (d < TH) base += d;
```

ಬೆರಳು ಎಂದು ಒಪ್ಪುವ ಮಿತಿ `TH` ನೂರರ ಆಸುಪಾಸು. ಬೆರಳಿದ್ದಾಗ ಬೇಸ್‌ಲೈನ್ ನಿಂತಿರುತ್ತದೆ, ಇಲ್ಲದಾಗ ಐದು ಸೆಕೆಂಡಿನ ಲೆಕ್ಕದಲ್ಲಿ ಹವೆಯ ಹಿಂದೆ ಹೋಗುತ್ತದೆ. ಒದ್ದೆ ಬಟ್ಟೆ ಪ್ಯಾನಲ್ ಮೇಲೆ ಉಳಿದರೆ ಅರ್ಧ ನಿಮಿಷದ ನಂತರ ಅದನ್ನೇ ಹೊಸ ಬೇಸ್‌ಲೈನ್ ಮಾಡಿಬಿಡುತ್ತೇನೆ. ಬಟ್ಟೆ ತೆಗೆದಾಗ `d` ತುಂಬಾ ಮೈನಸ್ ಆಗುತ್ತದೆ, ಆಗ ಎಂಟು ಪಟ್ಟು ವೇಗದಲ್ಲಿ ಇಳಿಸುತ್ತೇನೆ. ನೀರಿನ ಹನಿಗೂ ಬೆರಳಿಗೂ ಫರಕು ಹಿಡಿಯುವುದಕ್ಕೆ ನಾಲ್ಕು ಪ್ಯಾಡ್‌ಗಳನ್ನೂ ಒಟ್ಟಿಗೆ ನೋಡುತ್ತೇನೆ. ಆ ಲೆಕ್ಕ ಮಾತ್ರ ನನ್ನ ಹತ್ತಿರವೇ ಇರಲಿ.

ಇದೇ ಕೋಡನ್ನು ಪ್ಲಾಸ್ಟಿಕ್ ಟ್ಯಾಂಕಿನ ಹೊರಗೆ ತಾಮ್ರದ ಟೇಪ್ ಅಂಟಿಸಿ ನೀರಿನ ಮಟ್ಟಕ್ಕೂ ನೋಡಿದೆ. ನೀರು ನಿಧಾನವಾಗಿ ಏರುವುದರಿಂದ ಬೇಸ್‌ಲೈನ್ ಅದನ್ನೂ ಹವೆ ಎಂದುಕೊಂಡು ನುಂಗಿಬಿಡುತ್ತದೆ. ಅಲ್ಲಿ ಟ್ರ್ಯಾಕಿಂಗ್ ತೆಗೆದು, ನೀರು ಮುಟ್ಟದ ಎತ್ತರದಲ್ಲಿ ಇನ್ನೊಂದು ಪಟ್ಟಿ ಅಂಟಿಸಿ, ಅದರ ಎಣಿಕೆಯನ್ನು ಕಳೆಯುತ್ತಿದ್ದೇನೆ.